ಹನ್ನೆರಡು ನರಗಳಿಗೊಂದು ಪದ್ಯ

ಮಿದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆ. ಇವನ್ನು ಕಪಾಲ ನರಗಳು ಎನ್ನುತ್ತಾರೆ. ಮಿದುಳಿನ ಮುಂಭಾಗದಿಂದ ಹಿಂಭಾಗಕ್ಕೆ ಅವು ಹೊರಡುವ ಕ್ರಮದಲ್ಲೇ 1ರಿಂದ 12ರವರೆಗೆ ಸಂಖ್ಯೆ ಕೊಡಲಾಗಿದೆ. ನರ್ಸಿಂಗ್ ವಿದ್ಯಾರ್ಥಿಗಳು ಈ ಕ್ರಮವನ್ನು ಕಂಠಪಾಠ ಮಾಡಲೇಬೇಕು.

ಇದಕ್ಕಾಗಿ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಪದ್ಯಗಳು ಹೆಸರಿನ ಮೊದಲ ಅಕ್ಷರವನ್ನಷ್ಟೇ ನೆನಪಿಸುತ್ತವೆ. ಮೊದಲ ಮೂರು ನರಗಳ ಹೆಸರು ಒಂದೇ ಅಕ್ಷರದಿಂದ ಆರಂಭವಾಗುವುದರಿಂದ ಯಾವುದು ಮೊದಲು ಎಂಬ ಗೊಂದಲ ಉಳಿದೇ ಇರುತ್ತದೆ. ಅದರ ಬದಲು ಸಂಖ್ಯೆಯನ್ನು ನರದ ಕೆಲಸದೊಡನೆ ಜೋಡಿಸಿದರೆ ರೋಗಿಯ ಮುಂದೆ ನಿಂತಾಗಲೂ ಪದ್ಯ ಉಪಯೋಗಕ್ಕೆ ಬರುತ್ತದೆ. ಉದಾಹರಣೆಗೆ:

ವಾಸನೆಗೊಂದು, ನೋಟಕೆ ಎರಡು,
ರೆಪ್ಪೆಯನೆತ್ತಲು ಮೂರು;
ಮೂಗಿನ ತುದಿಯನು ನೋಡಲು ನಾಲ್ಕು,
ಕೆನ್ನೆಯ ಸ್ಪರ್ಶಕೆ ಐದು;
ಹೊರಗಡೆ ಕಣ್ಣನು ಸೆಳೆಯಲು ಆರು,
ನಗುವಿಗೆ ಏಳು, ಕಿವಿಗೆ ಎಂಟು;
ಗಂಟಲಿಗೊಂಬತ್ತು, ಹೃದಯಕೆ ಹತ್ತು,
ಹೆಗಲಿಗೆ ಹನ್ನೊಂದು, ನಾಲಿಗೆಗೆ ಹನ್ನೆರಡು.

ಬೆಳಿಗ್ಗೆ ಎದ್ದಾಗ ಬಾಯಿ ಎಡಕ್ಕೆ ಸೊಟ್ಟಗಾಗಿದ್ದ ರೋಗಿಯೊಬ್ಬ ವಾರ್ಡಿಗೆ ಬಂದಿದ್ದಾನೆಂದುಕೊಳ್ಳಿ. 'ನಗುವಿಗೆ ಏಳು' ಎಂಬುದು ನೆನಪಾದರೆ ಪರೀಕ್ಷಿಸಬೇಕಾದದ್ದು ಏಳನೆಯ ನರ ಎಂದು ಹೊಳೆಯುತ್ತದೆ. ಹಲ್ಲು ತೋರಿಸಲು ಹೇಳಿದರೆ ಬಾಯಿ ಎಡಕ್ಕೇ ಎಳೆಯುತ್ತದೆ. ಅಂದರೆ ದುರ್ಬಲವಾಗಿರುವುದು ಬಲಭಾಗ. ಮುಂದೆ ಹುಬ್ಬು ಮೇಲೆತ್ತಲು, ಕಣ್ಣು ಬಿಗಿಯಾಗಿ ಮುಚ್ಚಲು ಹೇಳಬೇಕು. ಬಲಗಡೆಯ ಹಣೆಯಲ್ಲಿ ಗೆರೆ ಮೂಡದೆ, ಕಣ್ಣೂ ಮುಚ್ಚದಿದ್ದರೆ ತೊಂದರೆ ನರದಲ್ಲೇ ಇರುವ ಸಂಭವ ಹೆಚ್ಚು. ಬೆಲ್ಸ್ ಪಾಲ್ಸಿಯಲ್ಲಿ ಹೀಗಾಗುತ್ತದೆ.

ಹಣೆಯಲ್ಲಿ ಗೆರೆಗಳು ಸರಿಯಾಗಿ ಮೂಡಿ, ಬಾಯಿ ಮಾತ್ರ ಸೊಟ್ಟಗಿದ್ದರೆ ಮಿದುಳಿನ ಪಾರ್ಶ್ವವಾಯುವನ್ನು ಶಂಕಿಸಬೇಕು. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಭಾಗಗಳಿಂದ ಆಜ್ಞೆ ಬರುವುದರಿಂದ ಒಂದು ಭಾಗ ಕೆಟ್ಟರೂ ಹಣೆ ಕೆಲಸ ಮಾಡುತ್ತದೆ.

ಪದ್ಯಕ್ಕೂ ಮಿತಿಯಿದೆ. ಅದು ಪ್ರತಿ ನರದ ಒಂದು ಕೆಲಸವನ್ನಷ್ಟೇ ಹೇಳುತ್ತದೆ. ಐದನೆಯದು ಅಗಿಯಲೂ, ಏಳನೆಯದು ನಾಲಿಗೆಯ ಮುಂಭಾಗದ ರುಚಿಗೂ, ಹತ್ತನೆಯದು ಧ್ವನಿಗೂ ಬೇಕು. ಕಾಯಿಲೆ ನರದಲ್ಲಿದೆಯೋ ಮಿದುಳಿನಲ್ಲಿದೆಯೋ ಎಂಬುದನ್ನೂ ಪದ್ಯ ತಿಳಿಸದು.

ಆದ್ದರಿಂದ ಓದುಗರು ಹಣೆಯ ಗೆರೆ ನೋಡಿ ಮನೆಯಲ್ಲೇ ತೀರ್ಮಾನಕ್ಕೆ ಬರಬಾರದು. ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾದರೆ, ಅದರಲ್ಲೂ ಕೈ ಸೋತರೆ ಅಥವಾ ಮಾತು ತೊದಲಿದರೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಲ್ಸ್ ಪಾಲ್ಸಿಯಾದರೂ ಸ್ಟೀರಾಯ್ಡ್ ಚಿಕಿತ್ಸೆ 72 ಗಂಟೆಯೊಳಗೆ ಆರಂಭವಾದರೆ ಒಳ್ಳೆಯದು. ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ವೈದ್ಯರು ಹೇಳಿದ ಹನಿಗಳನ್ನು ಹಾಕುತ್ತಾ, ಮಲಗುವಾಗ ರೆಪ್ಪೆ ಮುಚ್ಚಿ ಪಟ್ಟಿ ಅಂಟಿಸಬೇಕು.