‘ಇಬ್ಬರೂ ಬರಲಿಲ್ಲ’: ಸಂಸ್ಕಾರಕದ ತರ್ಕದ್ವಾರಗಳಲ್ಲಿ ನಿಷೇಧದ ಸ್ಥಾನ

‘ಇಬ್ಬರೂ ಬರಲಿಲ್ಲ’ ಎಂಬ ವಾಕ್ಯದ ಅರ್ಥ ಕನ್ನಡಿಗರಿಗೆ ಸ್ಪಷ್ಟ: ಒಬ್ಬರೂ ಬರಲಿಲ್ಲ. ಒಬ್ಬರು ಬಂದು ಇನ್ನೊಬ್ಬರು ಬಾರದಿದ್ದರೆ ಈ ವಾಕ್ಯ ಸಲ್ಲದು. ‘ಇಬ್ಬರೂ ಬಂದರೆಂಬುದು ನಿಜವಲ್ಲ’ ಎಂದಾಗ ಮಾತ್ರ ಆ ಸಂದರ್ಭವೂ ಒಳಗೊಳ್ಳುತ್ತದೆ. ಸಮುಚ್ಚಯದ ‘ಊ’ ಹಾಗೂ ನಿಷೇಧ ಇವುಗಳಲ್ಲಿ ಯಾವುದು ಯಾವುದನ್ನು ಆಳುತ್ತದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ಮೊದಲನೆಯದಕ್ಕೆ ತರ್ಕಶಾಸ್ತ್ರದಲ್ಲಿ ನಾರ್ ಎಂದೂ ಎರಡನೆಯದಕ್ಕೆ ನ್ಯಾಂಡ್ ಎಂದೂ ಹೆಸರು. ಗಣಕಯಂತ್ರದ ಸಂಸ್ಕಾರಕದಲ್ಲಿ ಈ ವ್ಯತ್ಯಾಸವು ಟ್ರಾನ್ಸಿಸ್ಟರುಗಳ ಜೋಡಣೆಯಾಗಿಯೇ ಮೈದಳೆದಿದೆ.

ಸ್ವಿಚ್ಚುಗಳಿಂದ ತರ್ಕವನ್ನು ಕಟ್ಟಬಹುದೆಂಬುದನ್ನು ಕ್ಲಾಡ್ ಶಾನನ್ 1937ರಲ್ಲಿ ಬರೆದ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದನು. ಒಂದರ ಹಿಂದೊಂದಾಗಿ ಇಟ್ಟ ಎರಡು ಸ್ವಿಚ್ಚುಗಳು ಎರಡೂ ಮುಚ್ಚಿದಾಗ ಮಾತ್ರ ವಿದ್ಯುತ್ತು ಹರಿಯುತ್ತದೆ. ಅಕ್ಕಪಕ್ಕದಲ್ಲಿಟ್ಟರೆ ಒಂದು ಮುಚ್ಚಿದರೂ ಸಾಕು. ಅವನ ಮುಂದಿದ್ದುದು ವಿದ್ಯುತ್ಕಾಂತದಿಂದ ಚಲಿಸುವ ರಿಲೇ. ಇಂದು ಆ ಸ್ಥಾನದಲ್ಲಿರುವುದು ಮಾಸ್ ಟ್ರಾನ್ಸಿಸ್ಟರು.

ಇದರಲ್ಲಿ ಸೋರ್ಸ್, ಡ್ರೇನ್ ಎಂಬ ಎರಡು ತುದಿಗಳಿದ್ದು, ಅವುಗಳ ನಡುವಣ ಸಿಲಿಕಾನಿನ ಮೇಲೆ ತೆಳುವಾದ ನಿರೋಧಕ ಪದರವೂ ಅದರ ಮೇಲೆ ಗೇಟು ಎಂಬ ತುದಿಯೂ ಇರುತ್ತವೆ. (ತರ್ಕದ್ವಾರಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರಿರುವುದು ಗೊಂದಲಕ್ಕೆ ಎಡೆ; ಕನ್ನಡದಲ್ಲಿ ‘ಗೇಟು’, ‘ದ್ವಾರ’ ಎಂದು ಬೇರ್ಪಡಿಸುವ ಅನುಕೂಲವಿದೆ.) ಎನ್ ಬಗೆಯಲ್ಲಿ ಗೇಟಿನ ವೋಲ್ಟೇಜು ಸೋರ್ಸಿನದಕ್ಕಿಂತ ಒಂದು ಹೊಸ್ತಿಲ ಮಿತಿಯಷ್ಟು ಮೇಲೇರಿದರೆ ಕೆಳಗೆ ಎಲೆಕ್ಟ್ರಾನುಗಳು ನೆರೆದು ದಾರಿ ತೆರೆಯುತ್ತದೆ. ಪಿ ಬಗೆಯ ನಡತೆ ಇದಕ್ಕೆ ವಿರುದ್ಧ: ಗೇಟು ಕೆಳಗಿಳಿದಾಗ ಅದು ತೆರೆಯುತ್ತದೆ.

ಒಂದೇ ಬಗೆ ಸಾಲದೇ ಎಂಬ ಪ್ರಶ್ನೆ ಸಹಜ. ವಿದ್ಯುನ್ಮೂಲ 1 ವೋಲ್ಟ್, ಹೊಸ್ತಿಲು 0.3 ವೋಲ್ಟ್ ಎಂದುಕೊಳ್ಳೋಣ. ಎನ್ ಟ್ರಾನ್ಸಿಸ್ಟರಿನ ಗೇಟಿಗೆ 1 ವೋಲ್ಟ್ ಕೊಟ್ಟು, ಅದರ ಮೂಲಕ ಒಂದು ತಂತಿಯನ್ನು ಮೇಲೆತ್ತಲು ಹೊರಟರೆ, ತಂತಿಯು 0.7ಕ್ಕೆ ಬಂದೊಡನೆ ಗೇಟಿಗೂ ಅದಕ್ಕೂ ಅಂತರ 0.3 ಮಾತ್ರ ಉಳಿದು ದಾರಿ ಮುಚ್ಚತೊಡಗುತ್ತದೆ. ಕೆಳಕ್ಕೆ ಎಳೆಯುವಾಗ ಈ ತೊಡಕಿಲ್ಲ. ಆದುದರಿಂದ ಎನ್ ಬಗೆಯನ್ನು ಸೊನ್ನೆಯ ಕಡೆಗೂ ಪಿ ಬಗೆಯನ್ನು ಮೂಲದ ಕಡೆಗೂ ಇಡುತ್ತಾರೆ. ಇದರ ಪರಿಣಾಮ ಗಮನಾರ್ಹ: ಒಳಬರುವ ಸಂಕೇತ ಮೇಲೇರಿದರೆ ಕೆಳಗಿನ ದಾರಿ ತೆರೆದು ಹೊರಬರುವುದು ಇಳಿಯುತ್ತದೆ. ಹೀಗಾಗಿ ಒಂದೇ ಹಂತದ ದ್ವಾರದಲ್ಲಿ ನಿಷೇಧವು ತಾನಾಗಿಯೇ ಬರುತ್ತದೆ.

ಕೆಳಗೆ ಎರಡು ಎನ್ ಟ್ರಾನ್ಸಿಸ್ಟರುಗಳನ್ನು ಸರಣಿಯಲ್ಲೂ ಮೇಲೆ ಎರಡು ಪಿ ಟ್ರಾನ್ಸಿಸ್ಟರುಗಳನ್ನು ಅಕ್ಕಪಕ್ಕದಲ್ಲೂ ಇಟ್ಟರೆ ನ್ಯಾಂಡ್ ದ್ವಾರ ಸಿದ್ಧ. ಎರಡೂ ಸಂಕೇತಗಳು 1 ಆದಾಗ ಮಾತ್ರ ಕೆಳದಾರಿ ಪೂರ್ತಿ ತೆರೆದು ಫಲ 0 ಆಗುತ್ತದೆ. ಒಂದಾದರೂ 0 ಇದ್ದರೆ ಮೇಲಿನ ಒಂದು ಪಿ ತೆರೆದು ಫಲವನ್ನು 1ಕ್ಕೆ ಏರಿಸುತ್ತದೆ. ಈ ಜೋಡಣೆಯನ್ನು ತಲೆಕೆಳಗಾಗಿಸಿ, ಎನ್‌ಗಳನ್ನು ಅಕ್ಕಪಕ್ಕದಲ್ಲೂ ಪಿಗಳನ್ನು ಸರಣಿಯಲ್ಲೂ ಇಟ್ಟರೆ ‘ಇಬ್ಬರೂ ಬರಲಿಲ್ಲ’ ದೊರೆಯುತ್ತದೆ. ಸರಳವೆಂದು ತೋರುವ ‘ಇಬ್ಬರೂ ಬಂದರು’ ಎಂಬುದಕ್ಕೇ ನ್ಯಾಂಡಿನ ಮುಂದೆ ಇನ್ನೊಂದು ನಿಷೇಧವನ್ನು ಸೇರಿಸಬೇಕು: ನಾಲ್ಕರ ಬದಲು ಆರು ಟ್ರಾನ್ಸಿಸ್ಟರು!

ಒಂದು ನಿದರ್ಶನ. ಗಣಕದ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ‘ಕ’ ಅಕ್ಷರದ ಸಂಖ್ಯೆ 0C95, ‘ಖ’ದ್ದು 0C96. ಎರಡೂ ಒಂದೇ ಅಕ್ಷರವೇ ಎಂದು ತಿಳಿಯಲು ಸ್ಥಾನ ಸ್ಥಾನವನ್ನೂ ಹೋಲಿಸಬೇಕು. ವ್ಯತ್ಯಾಸವಿರುವುದು ಕೊನೆಯ ನಾಲ್ಕು ಸ್ಥಾನಗಳಲ್ಲಿ: 0101 ಮತ್ತು 0110. ಪ್ರತಿ ಸ್ಥಾನಕ್ಕೂ ನಾಲ್ಕು ನ್ಯಾಂಡ್‌ಗಳ ಒಂದು ಹೋಲಿಕೆ ಜಾಲವಿರಲಿ. ಮೊದಲನೆಯದು ಎರಡು ಸಂಕೇತಗಳನ್ನೂ ಪಡೆಯುತ್ತದೆ, ಎರಡನೆಯದು ‘ಕ’ದ ಸಂಕೇತವನ್ನೂ ಮೊದಲನೆಯದರ ಫಲವನ್ನೂ, ಮೂರನೆಯದು ‘ಖ’ದ ಸಂಕೇತವನ್ನೂ ಅದೇ ಫಲವನ್ನೂ ಪಡೆಯುತ್ತವೆ, ಇವೆರಡರ ಫಲಗಳು ನಾಲ್ಕನೆಯದಕ್ಕೆ ಹೋಗುತ್ತವೆ. ಕೊನೆಯ ಸ್ಥಾನದಲ್ಲಿ ಸಂಕೇತಗಳು 1 ಮತ್ತು 0. ಮೊದಲನೆಯದರ ಫಲ 1, ಎರಡನೆಯದರದು 0, ಮೂರನೆಯದರದು 1, ನಾಲ್ಕನೆಯದರದು 1, ಅಂದರೆ ‘ಬೇರೆ’. ನಾಲ್ಕು ಸ್ಥಾನಗಳಿಗೂ ಹೀಗೆ ನಡೆದಾಗ 0011 ಬರುತ್ತದೆ. ಎಲ್ಲಿಯಾದರೂ 1 ಇದ್ದರೆ ಅಕ್ಷರಗಳು ಬೇರೆ.

ಆದರೆ ದ್ವಾರಗಳು ತತ್‌ಕ್ಷಣ ಉತ್ತರಿಸುವುದಿಲ್ಲ. ಮುಂದಿನ ತಂತಿಯ ವಿದ್ಯುದಂಶ ತುಂಬಲು, ಬರಿದಾಗಲು ಹೊತ್ತು ಬೇಕು. ಒಂದು ಸ್ಥಾನದ ಎರಡೂ ಸಂಕೇತಗಳು ಒಮ್ಮೆಗೇ 0ಯಿಂದ 1ಕ್ಕೆ ಏರಿದವೆನ್ನೋಣ. ಹಿಂದೆಯೂ ಸಮಾನ, ಈಗಲೂ ಸಮಾನ. ಫಲ 0 ಆಗಿಯೇ ಇರಬೇಕು. ಆದರೆ ಮೊದಲ ನ್ಯಾಂಡಿನ ಹಳೆಯ ಫಲ 1 ಇನ್ನೂ ಇಳಿದಿರುವುದಿಲ್ಲ. ಆ ಕ್ಷಣದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಎರಡೆರಡು 1 ದೊರೆತು, ಅವು 0ಗೆ ಇಳಿದು, ಕೊನೆಯದು ಅರೆಗಳಿಗೆ ‘ಬೇರೆ’ ಎಂದು ಸುಳ್ಳಾಡಬಹುದು. ಆದ್ದರಿಂದಲೇ ಸಂಸ್ಕಾರಕದ ಗಡಿಯಾರದ ಮಿಡಿತವು ಎಲ್ಲ ದ್ವಾರಗಳೂ ನೆಲೆಗೊಂಡ ಮೇಲೆಯೇ ಫಲವನ್ನು ದಾಖಲಿಸಿಕೊಳ್ಳುವಂತೆ ಅದರ ಅವಧಿಯನ್ನು ಗೊತ್ತುಪಡಿಸುತ್ತಾರೆ. ಸೆಕೆಂಡಿಗೆ ನೂರು ಕೋಟಿ ಮಿಡಿತಗಳಾದರೆ ದೊರೆಯುವ ಕಾಲ ಒಂದು ನ್ಯಾನೊಸೆಕೆಂಡು. ಮಿಡಿತವನ್ನು ಅತಿಯಾಗಿ ಚುರುಕುಗೊಳಿಸಿದರೆ ಈ ಸುಳ್ಳೇ ದಾಖಲಾಗುತ್ತದೆ. ಮಿಡಿತವನ್ನು ನಿಧಾನಗೊಳಿಸಿದಾಗ ತಪ್ಪು ಮಾಯವಾದರೆ ಅದು ವಿಳಂಬದ ದೋಷವೆಂದು ತಿಳಿಯಬಹುದು. ಆಗಲೂ ಉಳಿದರೆ ತಂತಿಯೊಂದು ತುಂಡಾಗಿರುವ ಅಥವಾ ಟ್ರಾನ್ಸಿಸ್ಟರೊಂದು ಒಂದೇ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುವ ಸಾಧ್ಯತೆಯತ್ತ ನೋಡಬೇಕಾಗುತ್ತದೆ.