ಆ ಮಕ್ಕಳು ಯಾರು? ಜರ್ನಲ್ ಕ್ಲಬ್ಬಿನಲ್ಲಿ ಕಲಿತ ಪಾಠಗಳು

ಜಯನಗರ 4ನೇ ‘ಟಿ’ ಬ್ಲಾಕಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಅದರ ಅಡಿಯಲ್ಲಿ ಓದುವ ಪಿಜಿಗಳ ಲಾಗ್ ಬುಕ್ಕಿನಲ್ಲಿ ಜರ್ನಲ್ ರಿವ್ಯೂಗೆಂದೇ ಒಂದು ಚೆಕ್‌ಲಿಸ್ಟ್ ಉಂಟು. ಪ್ರತಿ ಅಂಶಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಲೇಖನದ ಉದ್ದೇಶ ಎಷ್ಟು ಅರ್ಥವಾಗಿದೆ, ಬೇರೆ ಲೇಖನಗಳನ್ನು ನೋಡಿದ್ದಾರಾ, ಪ್ರಶ್ನೆಗೆ ಉತ್ತರಿಸಿದರಾ, ಲೇಖನವನ್ನು ಸಮರ್ಥಿಸಿಕೊಂಡರಾ ಎಂದೆಲ್ಲ ಅದರಲ್ಲಿ ಕೇಳಿದೆ. ಸ್ಲೈಡುಗಳಿಗೆ ಮೀಸಲಾಗಿರುವುದು ಒಂದೇ ಸಾಲು. ನಮ್ಮ ಪಿಜಿಗಳ ರಾತ್ರಿಯೆಲ್ಲ ಕಳೆಯುವುದು ಮಾತ್ರ ಆ ಒಂದು ಸಾಲಿಗಾಗಿ. ಮಕ್ಕಳ ವಿಭಾಗದಲ್ಲಿ ಮೊದಲು ಪಿಜಿಯಾಗಿ ನಿಂತು, ಈಗ ಎದುರಿನ ಕುರ್ಚಿಯಲ್ಲಿ ಕೂತು ಕಲಿತದ್ದನ್ನು ಒಂದೇ ಲೇಖನದ ನೆಪದಲ್ಲಿ ಬರೆಯುತ್ತಿದ್ದೇನೆ.

1. ಲೇಖನವನ್ನು ವಾರ್ಡಿನಲ್ಲಿ ಹುಡುಕಿ

ಒಮ್ಮೆ ನೈಟ್ ಡ್ಯೂಟಿಯಲ್ಲಿ ಮೂರು ವರ್ಷದ ಮಗು ಬಂತು. ಸುಡುವ ಜ್ವರ, ತಣ್ಣಗಿನ ಕೈಕಾಲು. ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು ನಾಲ್ಕು ಸೆಕೆಂಡ್, ಬಿಪಿ ಮಾತ್ರ ಸರಿಯಾಗಿತ್ತು. ಫಸ್ಟ್ ಇಯರ್ ಪಿಜಿ ಸಿರಿಂಜಿನಲ್ಲಿ ಸಲೈನ್ ಎಳೆದು ಕೆಜಿಗೆ 20 ಎಂಎಲ್ ಲೆಕ್ಕದಲ್ಲಿ ತಳ್ಳಲು ಹೊರಟ. “ಸ್ವಲ್ಪ ತಡೆಯೋ, ಫೀಸ್ಟ್ ಓದಿಲ್ವಾ?” ಎಂದಳು ಸೀನಿಯರ್. ಬೆಳಗಿನ ರೌಂಡ್ಸಿನಲ್ಲೂ ಆ ಜಗಳ ಮುಗಿಯಲಿಲ್ಲ. “ಮುಂದಿನ ಜರ್ನಲ್ ಕ್ಲಬ್ಬಿಗೆ ಅದನ್ನೇ ತಗೊಳ್ಳಿ” ಎಂದೆ.

ಫೀಸ್ಟ್ ಎಂಬುದು 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ. ಕ್ಯಾಥ್ರಿನ್ ಮೈಟ್‌ಲ್ಯಾಂಡ್ ಮತ್ತು ಸಂಗಡಿಗರು ಕೀನ್ಯಾ, ಉಗಾಂಡಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆಸಿದ್ದು. “ಇಷ್ಟು ಹಳೆಯ ಪೇಪರ್ ಯಾಕೆ?” ಎಂಬ ಮೊದಲ ಪ್ರಶ್ನೆಗೆ ಆ ರಾತ್ರಿಯ ಮಗುವೇ ಉತ್ತರ. ಹೊಸದು ಎನ್ನುವ ಒಂದೇ ಕಾರಣಕ್ಕೆ ಆರಿಸಿದ ಲೇಖನಕ್ಕೆ ಇಂಥ ಉತ್ತರ ಸಿಗುವುದಿಲ್ಲ.

2. ಸಾರಾಂಶ ಓದಿ ವೇದಿಕೆ ಹತ್ತಬೇಡಿ

ಪೂರ್ತಿ ಪೇಪರ್ ಹೆಲಿನೆಟ್‌ನಲ್ಲೋ ಕಾಲೇಜಿನ ಲೈಬ್ರರಿಯಲ್ಲೋ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಿ. ನಾನು ಮೊದಲು ತೆರೆಯುವುದು ಮೆಥಡ್ಸ್ ಭಾಗದಲ್ಲಿ ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು ಎಂಬ ಪ್ಯಾರಾ, ಆಮೇಲೆ ಮೊದಲ ಟೇಬಲ್. ಕನ್‌ಕ್ಲೂಶನ್ ಕಡೆಗೆ. ಮೊದಲೇ ಅದನ್ನು ಓದಿದರೆ ಉಳಿದದ್ದೆಲ್ಲ ಅದಕ್ಕೆ ಪುರಾವೆಯಂತೆ ಕಾಣತೊಡಗುತ್ತದೆ.

3. ಇಪ್ಪತ್ತು ನಿಮಿಷ, ಆರು ಸ್ಲೈಡ್

ಮೂವತ್ತೆಂಟು ಸ್ಲೈಡ್ ತಂದು ಇಪ್ಪತ್ತನೆಯದಕ್ಕೆ ಟೈಮ್ ಮುಗಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮಲ್ಲಿ ಈಗ ಆರೇ ಸ್ಲೈಡ್. ಮೊದಲನೆಯದು ನಮ್ಮ ವಾರ್ಡಿನ ಮಗು. ಎರಡನೆಯದು ಲೇಖನದ ಪ್ರಶ್ನೆ, ಒಂದೇ ವಾಕ್ಯದಲ್ಲಿ. ಫೀಸ್ಟ್‌ಗೆ ಅದು ಹೀಗೆ: “ತೀವ್ರ ಜ್ವರದ ಜೊತೆಗೆ ರಕ್ತಸಂಚಾರ ಕುಂದಿದ ಮಕ್ಕಳಿಗೆ ಸಲೈನ್ ಅಥವಾ ಆಲ್ಬುಮಿನ್ ಬೋಲಸ್ ಕೊಟ್ಟರೆ, ಬೋಲಸ್ ಕೊಡದ ಮಕ್ಕಳಿಗಿಂತ 48 ಗಂಟೆಯೊಳಗಿನ ಸಾವು ಕಡಿಮೆಯಾಗುತ್ತದೆಯೇ?” ಈ ವಾಕ್ಯ ಬರೆಯಲು ಬಾರದಿದ್ದರೆ ಲೇಖನ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ.

ಮೂರನೆಯದರಲ್ಲಿ ಅಧ್ಯಯನ ನಡೆದ ರೀತಿಯನ್ನು ಒಂದು ಚಿತ್ರವಾಗಿ ಬರೆಯಬೇಕು. 3,141 ಮಕ್ಕಳು, ಅಲ್ಲಿಂದ ಮೂರು ಬಾಣ: ಆಲ್ಬುಮಿನ್ 1,050, ಸಲೈನ್ 1,047, ಬೋಲಸ್ ಇಲ್ಲದವರು 1,044. ನಾಲ್ಕನೆಯದು ಒಂದೇ ಒಂದು ಫಲಿತಾಂಶ. ಐದನೆಯದು ನಂಬಬಹುದೇ ಎನ್ನುವುದು. ಆರನೆಯದು ನಾಳೆ ಬೆಳಿಗ್ಗೆ ನಮ್ಮ ವಾರ್ಡಿನಲ್ಲಿ ಏನು ಮಾಡಬೇಕು ಎನ್ನುವುದು. ಪೇಪರಿನ ಟೇಬಲ್ಲನ್ನು ಫೋಟೋ ಹೊಡೆದು ಅಂಟಿಸಬೇಡಿ. ಹಿಂದಿನ ಸಾಲಿನಲ್ಲಿ ಕೂತವರಿಗೆ ಅದು ಇರುವೆ ಸಾಲಿನಂತೆ ಕಾಣುತ್ತದೆ.

ಇಪ್ಪತ್ತರಲ್ಲಿ ಎಂಟು ನಿಮಿಷವನ್ನಾದರೂ ಕೊನೆಯ ಎರಡು ಸ್ಲೈಡಿಗೆ ಉಳಿಸಿಕೊಳ್ಳಿ.

4. ಶೇಕಡಾವಾರು ಹೇಳುವ ಮುಂಚೆ ತಲೆ ಎಣಿಸಿ

ಇದನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಪಿಜಿಯಾಗಿದ್ದಾಗ ಇದೇ ಲೇಖನ ನನ್ನ ಪಾಲಿಗೆ ಬಂದಿತ್ತು. “ಬೋಲಸ್ ಕೊಟ್ಟರೆ ಸಾವು ಶೇ. 45ರಷ್ಟು ಹೆಚ್ಚುತ್ತದೆ” ಎಂದು ಭಾರೀ ಗತ್ತಿನಿಂದ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಮೇಡಂ ಕನ್ನಡಕ ತೆಗೆದು ಕೇಳಿದರು: “ನೂರು ಮಕ್ಕಳಿಗೆ ಕೊಟ್ಟರೆ ಎಷ್ಟು ಮಕ್ಕಳು ಹೆಚ್ಚಿಗೆ ಸಾಯ್ತಾರಪ್ಪಾ?” ನಾನು “ನಲವತ್ತೈದು ಮೇಡಂ” ಎಂದುಬಿಟ್ಟೆ. ಯಾರೂ ನಗಲಿಲ್ಲ, ಅದರಿಂದಲೇ ಹೆಚ್ಚು ನಾಚಿಕೆಯಾಯಿತು.

ಲೆಕ್ಕ ಕಷ್ಟದ್ದೇನಲ್ಲ. 48 ಗಂಟೆಯೊಳಗೆ ಆಲ್ಬುಮಿನ್ ಗುಂಪಿನಲ್ಲಿ 111, ಸಲೈನ್ ಗುಂಪಿನಲ್ಲಿ 110, ಬೋಲಸ್ ಇಲ್ಲದ ಗುಂಪಿನಲ್ಲಿ 76 ಮಕ್ಕಳು ತೀರಿಕೊಂಡರು. ಬೋಲಸ್ ಪಡೆದವರನ್ನು ಒಟ್ಟು ಮಾಡಿದರೆ 2,097ರಲ್ಲಿ 221, ಅಂದರೆ ನೂರಕ್ಕೆ ಹತ್ತೂವರೆ. ಪಡೆಯದವರಲ್ಲಿ ನೂರಕ್ಕೆ 7.3. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.45 ಬರುತ್ತದೆ, ನನ್ನ ‘ಶೇ. 45’ ಅಲ್ಲಿಂದ ಬಂದದ್ದು. ಕಳೆದರೆ ಸಿಗುವುದು ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು. ಸುಮಾರು ಮೂವತ್ತೊಂದು ಮಕ್ಕಳಿಗೆ ಬೋಲಸ್ ಕೊಟ್ಟರೆ, ಕೊಡದಿದ್ದರೆ ಆಗದಿದ್ದ ಒಂದು ಸಾವು ಆಗುತ್ತದೆ. ಎರಡೂ ಲೆಕ್ಕ ನಿಜವೇ. ಆದರೆ ತಾಯಿಗೆ ಹೇಳಬಹುದಾದದ್ದು ಎರಡನೆಯದು.

ಇದರ ಬೆನ್ನಿಗೇ ಬರುವ ಪ್ರಶ್ನೆ ಕಾನ್ಫಿಡೆನ್ಸ್ ಇಂಟರ್ವಲ್ ಬಗ್ಗೆ. ಇಲ್ಲಿ ಅದು 1.13ರಿಂದ 1.86. ವ್ಯಾಖ್ಯೆಯನ್ನು ಒಪ್ಪಿಸಬೇಡಿ. “ಅಪಾಯ ನಿಜಕ್ಕೂ ಶೇ. 13ರಷ್ಟೇ ಹೆಚ್ಚಿರಬಹುದು, ಶೇ. 86ರಷ್ಟೂ ಇರಬಹುದು, ಲಾಭವಿದೆ ಎನ್ನಲು ಈ ಅಂಕಿಗಳು ಜಾಗ ಬಿಡುವುದಿಲ್ಲ” ಎಂದರೆ ಸಾಕು.

5. ಬಂದೇ ಬರುವ ನಾಲ್ಕು ಪ್ರಶ್ನೆ

ಯಾವ ಗುಂಪಿಗೆ ಯಾರು ಎಂದು ಹೇಗೆ ನಿರ್ಧರಿಸಿದರು? ‘ರ‍್ಯಾಂಡಮೈಸ್ ಮಾಡಿದರು’ ಎಂಬುದು ಅರ್ಧ ಉತ್ತರ. ಮುಂದಿನ ಚೀಟಿಯಲ್ಲಿ ಏನಿದೆಯೆಂದು ಡಾಕ್ಟರಿಗೆ ಮೊದಲೇ ಗೊತ್ತಾಗದಂತೆ ಏನು ಮಾಡಿದರು ಎಂಬುದೇ ಮುಖ್ಯ. ಫೀಸ್ಟ್‌ನಲ್ಲಿ ಒಳಗಿನದು ಕಾಣದ, ಸೀಲ್ ಮಾಡಿದ, ಕ್ರಮಸಂಖ್ಯೆಯ ಲಕೋಟೆಗಳನ್ನು ಸರದಿಯಂತೆ ತೆರೆದರು.

ಬ್ಲೈಂಡಿಂಗ್ ಇತ್ತೇ? ಇರಲಿಲ್ಲ. ಬಾಟಲಿ ನೇತಾಡುತ್ತಿದೆಯೋ ಇಲ್ಲವೋ ಎಲ್ಲರಿಗೂ ಕಾಣುತ್ತದೆ. ಸಾವು ನೋಡುವವರ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲವಾದ್ದರಿಂದ ಇಲ್ಲಿ ಅದರ ಪೆಟ್ಟು ಕಡಿಮೆ. ಆದರೆ ಉಳಿದ ಆರೈಕೆಯಲ್ಲಿ ವ್ಯತ್ಯಾಸ ನುಸುಳಬಹುದು ಎಂದು ನೀವೇ ಒಪ್ಪಿಕೊಳ್ಳಿ.

ಮಧ್ಯದಲ್ಲೇ ಯಾಕೆ ನಿಲ್ಲಿಸಿದರು? 3,600 ಮಕ್ಕಳ ಗುರಿಯಿತ್ತು, ಸುರಕ್ಷತೆ ನೋಡಿಕೊಳ್ಳುವ ಸಮಿತಿಯ ಸಲಹೆಯಂತೆ 3,141ಕ್ಕೆ ನಿಲ್ಲಿಸಿದರು. ಬೇಗ ನಿಲ್ಲಿಸಿದ ಅಧ್ಯಯನಗಳಲ್ಲಿ ಪರಿಣಾಮ ಉಬ್ಬಿ ಕಾಣುವ ಅಪಾಯವುಂಟು. ಗುರಿಯ ಬಹುಪಾಲು ದಾಟಿದ್ದರಿಂದ ಇಲ್ಲಿ ಆ ಅನುಮಾನಕ್ಕೆ ಹೆಚ್ಚು ಬಲವಿಲ್ಲ.

ನಾಲ್ಕನೆಯದಕ್ಕೆ ಹೆಚ್ಚಿನವರು ಎಡವುತ್ತಾರೆ: ಆ ಮಕ್ಕಳು ಸತ್ತದ್ದು ಯಾಕೆ? “ಶ್ವಾಸಕೋಶಕ್ಕೆ ನೀರು ತುಂಬಿ” ಎಂದು ಬಾಯಿಗೆ ಬಂದೇಬಿಡುತ್ತದೆ. ಪೇಪರ್ ಹಾಗೆ ಹೇಳುವುದಿಲ್ಲ. ಶ್ವಾಸಕೋಶದ ಊತ ಅಥವಾ ಮಿದುಳಿನ ಒತ್ತಡ ಕಂಡದ್ದು ಮೂರು ಗುಂಪಿನಲ್ಲಿ ಶೇ. 2.6, 2.2, 1.7, ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು. 2013ರಲ್ಲಿ ಅದೇ ತಂಡ ಸಾವುಗಳನ್ನು ಮತ್ತೆ ವಿಂಗಡಿಸಿ ನೋಡಿದಾಗ, ಹೆಚ್ಚಾದ ಸಾವುಗಳ ಹಿಂದೆ ಮುಖ್ಯವಾಗಿ ಕಂಡದ್ದು ರಕ್ತಸಂಚಾರದ ಕುಸಿತ. ಚೆಕ್‌ಲಿಸ್ಟಿನಲ್ಲಿ ‘ಬೇರೆ ಲೇಖನಗಳನ್ನು ನೋಡಿದ್ದಾರಾ’ ಎಂಬ ಸಾಲು ಇರುವುದು ಇದಕ್ಕೇ. ಒಂದು ಲೇಖನ ಮಂಡಿಸಲು ಕನಿಷ್ಠ ಎರಡು ಓದಿರಬೇಕು.

6. ಆ ಮಕ್ಕಳು ಯಾರು?

ಎಲ್ಲ ಪ್ರಶ್ನೆಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಫೀಸ್ಟ್‌ನ ಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ಮಲೇರಿಯಾ ಇತ್ತು. ಬೆಂಗಳೂರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ವಾರ್ಡ್ ತುಂಬುವುದು ಡೆಂಗಿ ಮಕ್ಕಳಿಂದ. ಡೆಂಗಿಯಲ್ಲಿ ರಕ್ತನಾಳದಿಂದ ಪ್ಲಾಸ್ಮಾ ಸೋರುವುದೇ ಕಾಯಿಲೆ. ವಾಂತಿಭೇದಿಯ ಮಕ್ಕಳನ್ನೂ ತೀವ್ರ ಅಪೌಷ್ಟಿಕತೆಯವರನ್ನೂ ಸುಟ್ಟಗಾಯದವರನ್ನೂ ಅಧ್ಯಯನದಿಂದ ಮೊದಲೇ ಕೈಬಿಟ್ಟಿದ್ದರು. ಬಿಪಿ ತೀರಾ ಕುಸಿದಿದ್ದ 29 ಮಕ್ಕಳನ್ನು ಬೇರೆಯೇ ಇಟ್ಟು ಅವರೆಲ್ಲರಿಗೂ ಬೋಲಸ್ ಕೊಟ್ಟರು. ಹಾಗಾಗಿ ‘ಫೀಸ್ಟ್ ಪ್ರಕಾರ ಶಾಕಿನಲ್ಲಿ ಬೋಲಸ್ ಬೇಡ’ ಎನ್ನುವ ಪಿಜಿ ಪೇಪರ್ ಓದಿಲ್ಲ. ‘ಅದೆಲ್ಲ ಆಫ್ರಿಕಾದ್ದು, ನಮಗೆ ಸಲ್ಲದು’ ಎಂದು ತಳ್ಳಿಹಾಕುವವರೂ ಓದಿಲ್ಲ.

ಆ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಇರಲಿಲ್ಲ ಎಂಬುದನ್ನೂ ಹೇಳಿ. 2020ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ ಇದೇ ಜಾಗದಲ್ಲಿ ಗೆರೆ ಎಳೆಯಿತು: ತೀವ್ರ ನಿಗಾ ಸೌಲಭ್ಯವಿಲ್ಲದ ಕಡೆ, ಬಿಪಿ ಸರಿಯಿರುವ ಮಗುವಿಗೆ ಬೋಲಸ್ ಬೇಡ, ಸೌಲಭ್ಯವಿದ್ದರೆ ಒಂದೊಂದು ಸಲಕ್ಕೆ ಕೆಜಿಗೆ 10ರಿಂದ 20 ಎಂಎಲ್ ಕೊಟ್ಟು, ಪ್ರತಿ ಸಲ ಮಗುವನ್ನು ನೋಡಿ ಮುಂದುವರಿಯಿರಿ.

ನಮ್ಮ ಜರ್ನಲ್ ಕ್ಲಬ್ಬಿನ ದಿನ ಒಬ್ಬ ಪಿಜಿ ಎದ್ದು ಒಳ್ಳೆಯ ಪ್ರಶ್ನೆ ಕೇಳಿದ: “ಸರ್, ನಮಗೆ ಐಸಿಯು ಇದೆ, ಆದರೆ ಬೆಡ್ ಇಲ್ಲ. ಆಗ ನಾವು ಯಾವ ಕಡೆ?” ಮಂಡಿಸುತ್ತಿದ್ದವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

7. ಉತ್ತರ ಗೊತ್ತಿಲ್ಲದಾಗ

“ಪೇಪರಿನಲ್ಲಿ ಇದು ಇಲ್ಲ” ಮತ್ತು “ಪೇಪರಿನಲ್ಲಿದೆ, ನಾನು ಗಮನಿಸಲಿಲ್ಲ” ಬೇರೆ ಬೇರೆ ಉತ್ತರಗಳು. ಎರಡನ್ನೂ ಧೈರ್ಯವಾಗಿ ಹೇಳಬಹುದು, ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಬಾರದು. ಪ್ರಿಂಟ್ ಕೈಯಲ್ಲಿದ್ದರೆ ಅಲ್ಲೇ ತಿರುವಿ ನೋಡಿ.

ಬೆಡ್ ಪ್ರಶ್ನೆಗೆ ಆ ದಿನ ಮಾರ್ಗಸೂಚಿಯಲ್ಲಿ ಉತ್ತರ ಸಿಗಲಿಲ್ಲ. ಅರ್ಧ ಗಂಟೆ ವಾದವಾದ ಮೇಲೆ ಒಂದು ಚೀಟಿ ಬರೆದು ವಾರ್ಡಿನ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿದೆವು: ಬಿಪಿ ಸರಿಯಿದ್ದು, ಬೆಡ್ ಪಕ್ಕ ನಿಲ್ಲಲು ಡಾಕ್ಟರ್ ಇಲ್ಲದಿದ್ದರೆ ಬೋಲಸ್ ಬೇಡ, ಸೀನಿಯರಿಗೆ ಫೋನ್ ಮಾಡಿ. ಕೊಟ್ಟರೆ ಕೆಜಿಗೆ 10 ಎಂಎಲ್. ಮುಗಿದೊಡನೆ ಲಿವರ್ ಮುಟ್ಟಿ ನೋಡಿ, ಎದೆಗೆ ಸ್ಟೆತ್ ಇಡಿ, ಕೇಸ್ ಶೀಟಿನಲ್ಲಿ ಟೈಮ್ ಬರೆಯಿರಿ.

ಚೀಟಿ ಈಗಲೂ ಅಲ್ಲಿದೆ, ಸೆಲ್ಲೋಟೇಪ್ ಎರಡು ಸಲ ಬದಲಾಗಿದೆ.