ಎಲ್ಲ ಜಾಲತಾಣಕ್ಕೂ ಕುಕೀ ಬ್ಯಾನರ್ ಬೇಕೆ? – ಬೋಧನಾಭ್ಯಾಸದ ಒಂದು ಪಾಠ

ತರಗತಿ: 9
ಘಟಕ: ಅಂತರಜಾಲದ ಸುರಕ್ಷಿತ ಬಳಕೆ
ಅವಧಿ: 40 ನಿಮಿಷದ ಎರಡು ಪಾಠಗಳು
ಬೋಧನೋಪಕರಣಗಳು: ಪ್ರೊಜೆಕ್ಟರ್‌ಗೆ ಜೋಡಿಸಿದ ಒಂದು ಕಂಪ್ಯೂಟರ್, ಅಂತರಜಾಲ ಸಂಪರ್ಕ, ಸಂಖ್ಯೆ ಬರೆದ ರಟ್ಟಿನ ಟೋಕನ್‌ಗಳು

ನನ್ನ ಪಾಠಯೋಜನೆಯ ಮೂರನೆಯ ಕಲಿಕಾಂಶ ಹೀಗಿತ್ತು: ‘ಕುಕೀ ಬಳಸುವ ಪ್ರತಿಯೊಂದು ಜಾಲತಾಣವೂ ಒಪ್ಪಿಗೆಯ ಬ್ಯಾನರ್ ತೋರಿಸಬೇಕು.’ ಈ ವಾಕ್ಯ ತಪ್ಪು. ಅದು ನನಗೆ ತಿಳಿದದ್ದು ಮೊದಲ ದಿನದ ಪಾಠದ ಕೊನೆಯಲ್ಲಿ, ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯಿಂದ.

ಮೊದಲ ದಿನ: ಕುಕೀ ಎಂದರೇನು?

ಪೂರ್ವಜ್ಞಾನವನ್ನು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಿಂದ ಪಡೆದೆ. ಸ್ಟ್ಯಾಂಡಿನವನು ನಮ್ಮ ಮುಖ ನೆನಪಿಡುವುದಿಲ್ಲ, ಒಂದು ಟೋಕನ್ ಕೊಡುತ್ತಾನೆ. ಹಿಂದಿರುಗಿ ಬಂದಾಗ ಟೋಕನ್ ನೋಡಿ ನಮ್ಮ ಚಪ್ಪಲಿ ಕೊಡುತ್ತಾನೆ. ಜಾಲತಾಣದ ಸರ್ವರ್ ಕೂಡ ಹಾಗೆಯೇ. ಒಂದು ಪುಟ ಕಳುಹಿಸಿದ ಮೇಲೆ, ಮುಂದಿನ ಪುಟ ಕೇಳುತ್ತಿರುವವರು ಅದೇ ವ್ಯಕ್ತಿಯೇ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಪುಟದ ಜೊತೆಗೆ ಸಣ್ಣದೊಂದು ಬರಹವನ್ನೂ ಕಳುಹಿಸುತ್ತದೆ:

```
Set-Cookie: sid=7f3a9c; Path=/; Secure; HttpOnly
```

ಬ್ರೌಸರ್ ಇದನ್ನು ಇಟ್ಟುಕೊಂಡು, ಅದೇ ತಾಣಕ್ಕೆ ಮತ್ತೆ ಹೋದಾಗಲೆಲ್ಲ ಹಿಂದಕ್ಕೆ ತೋರಿಸುತ್ತದೆ:

```
Cookie: sid=7f3a9c
```

ಕುಕೀ ಎಂದರೆ ಇಷ್ಟೇ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಇದನ್ನು ರೂಪಿಸಿದರು. ಹೋಲಿಕೆ ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಿದೆ: ಟೋಕನ್ನನ್ನು ನಾವೇ ಕೈಯಿಂದ ಕೊಡುತ್ತೇವೆ, ಕುಕೀಯನ್ನು ಬ್ರೌಸರ್ ನಮಗೆ ಹೇಳದೆ ಪ್ರತಿ ಸಲವೂ ಕೊಡುತ್ತದೆ. ಊರಿನ ಎಲ್ಲ ಸ್ಟ್ಯಾಂಡುಗಳ ಪಕ್ಕದಲ್ಲೂ ಒಂದೇ ಕಂಪನಿಯ ಜನ ನಿಂತು, ನಮ್ಮ ಜೇಬಿಗೆ ತಮ್ಮ ಚೀಟಿಯನ್ನೂ ಹಾಕಿ, ನಾವು ಎಲ್ಲೆಲ್ಲಿ ಹೋದೆವೆಂದು ಬರೆದುಕೊಂಡರೆ? ಅಲ್ಲಿಂದ ಒಪ್ಪಿಗೆಯ ಮಾತು ಶುರುವಾಗುತ್ತದೆ.

ಇಲ್ಲಿಗೆ ಬಂದು ನನ್ನ ಮೂರನೆಯ ಕಲಿಕಾಂಶವನ್ನು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿ ಎದ್ದು ಕೇಳಿದಳು: “ಮಿಸ್, ನಮ್ಮ ಶಾಲೆ ಸೈಟ್‌ನಲ್ಲೂ ಆ ಬ್ಯಾನರ್ ಬರುತ್ತೆ. ಅಲ್ಲಿ ಲಾಗಿನ್ನೇ ಇಲ್ವಲ್ಲ, ಟೋಕನ್ ಯಾಕೆ ಕೊಡ್ತಾರೆ?”

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ನೋಡಿ ಹೇಳುತ್ತೇನೆ ಎಂದೆ.

ನಿಯಮ ನಿಜವಾಗಿ ಹೇಳುವುದೇನು?

ಅಂದು ಸಂಜೆ ನಿಯಮದ ಮೂಲಕ್ಕೆ ಹೋದೆ. ಈ ಬ್ಯಾನರ್‌ಗಳು ಬಂದದ್ದು ಐರೋಪ್ಯ ಒಕ್ಕೂಟದ 2002ರ ಇ-ಪ್ರೈವೆಸಿ ನಿರ್ದೇಶನದಿಂದ, ಮುಖ್ಯವಾಗಿ ಅದಕ್ಕೆ 2009ರಲ್ಲಿ ಆದ ತಿದ್ದುಪಡಿಯಿಂದ. ಬಳಕೆದಾರರ ಸಾಧನದಲ್ಲಿ ಏನನ್ನಾದರೂ ಇಡುವ ಅಥವಾ ಅಲ್ಲಿರುವುದನ್ನು ಓದುವ ಮೊದಲು ಅವರ ಒಪ್ಪಿಗೆ ಬೇಕು ಎಂಬುದು ಅದರ ತಿರುಳು. ಆದರೆ ಎರಡು ವಿನಾಯಿತಿಗಳಿವೆ. ಒಂದು, ಸಂದೇಶವನ್ನು ಸಾಗಿಸುವುದಕ್ಕಷ್ಟೇ ಬೇಕಾದದ್ದು. ಇನ್ನೊಂದು, ಬಳಕೆದಾರರು ತಾವೇ ಕೇಳಿದ ಸೇವೆಗೆ ಅತ್ಯಗತ್ಯವಾದದ್ದು. ಲಾಗಿನ್ ಆದವರನ್ನು ಗುರುತಿಡುವ `sid`ನಂಥ ಕುಕೀ, ಅಂಗಡಿ ತಾಣದಲ್ಲಿ ಬುಟ್ಟಿಯ ಸಾಮಾನು ನೆನಪಿಡುವ ಕುಕೀ ಎರಡನೆಯ ವಿನಾಯಿತಿಗೆ ಸೇರುತ್ತವೆ. ಇವುಗಳ ಬಗ್ಗೆ ತಿಳಿಸಬೇಕು, ಆದರೆ ಒಪ್ಪಿಗೆ ಕೇಳಬೇಕಾಗಿಲ್ಲ. ಎಷ್ಟು ಜನ ಬಂದರೆಂದು ಎಣಿಸುವ ಕುಕೀ ಹಾಗಲ್ಲ. ಅದು ಬೇಕಾದದ್ದು ತಾಣದವರಿಗೆ, ಓದುಗರು ಅದನ್ನು ಕೇಳಿಲ್ಲ.

ಒಪ್ಪಿಗೆ ಎಂದರೇನು ಎಂಬುದಕ್ಕೂ ಅರ್ಥವಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಐರೋಪ್ಯ ನ್ಯಾಯಾಲಯ ಪ್ಲಾನೆಟ್49 ಪ್ರಕರಣದಲ್ಲಿ 2019ರ ಅಕ್ಟೋಬರ್ 1ರಂದು ತೀರ್ಪು ನೀಡಿತು.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಕುಕೀಗೆಂದೇ ಪ್ರತ್ಯೇಕ ನಿಯಮವಿಲ್ಲ. ಅದು ನೋಡುವುದು ವೈಯಕ್ತಿಕ ಮಾಹಿತಿಯನ್ನು. ಆದರೆ ಶಾಲೆಯವರು ಗಮನಿಸಬೇಕಾದ ಒಂದು ಮಾತು ಅದರ 9ನೆಯ ಕಲಮಿನಲ್ಲಿದೆ: 18 ವರ್ಷ ತುಂಬದವರ ನಡವಳಿಕೆಯನ್ನು ಹಿಂಬಾಲಿಸಿ ನೋಡುವುದಕ್ಕೆ ಸಾಮಾನ್ಯವಾಗಿ ನಿಷೇಧವಿದೆ. ಕೆಲವು ಉದ್ದೇಶಗಳಿಗೆ ಮಾತ್ರ ವಿನಾಯಿತಿ. ನಮ್ಮ ಶಾಲೆಯ ಪುಟ ನೋಡುವವರಲ್ಲಿ ಮಕ್ಕಳೇ ಹೆಚ್ಚು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ತಾಣಕ್ಕೆ ಬ್ಯಾನರ್ ಇದೆಯೇ?’ ಅಲ್ಲ. ‘ತಾಣ ಏನನ್ನು ಇಡುತ್ತಿದೆ, ಯಾರಿಗಾಗಿ?’ ಎಂಬುದು.

ಎರಡನೆಯ ದಿನ: ತೆರೆದು ನೋಡಿದ್ದು

ಮಾರ್ಗದರ್ಶಕ ಶಿಕ್ಷಕರೊಡನೆ ಶಾಲೆಯ ತಾಣವನ್ನು ಮೊದಲು ಪರೀಕ್ಷಿಸಿ, ಅದನ್ನೇ ತರಗತಿಯಲ್ಲಿ ಮಾಡಿ ತೋರಿಸಿದೆ. ಅದು ಐದು ಪುಟಗಳ ತಾಣ: ಪರಿಚಯ, ಶಿಕ್ಷಕರು, ಫಲಿತಾಂಶ, ವಾರ್ಷಿಕೋತ್ಸವದ ವಿಡಿಯೊ, ವಿಳಾಸ. ಯಾರೋ ಸಿದ್ಧ ವಿನ್ಯಾಸವೊಂದನ್ನು ಬಳಸಿ ಮಾಡಿಕೊಟ್ಟದ್ದು. ಬ್ಯಾನರ್ ಆ ವಿನ್ಯಾಸದ ಜೊತೆಯಲ್ಲೇ ಬಂದಿತ್ತು. ಅದರಲ್ಲಿ ‘Got it!’ ಎಂಬ ಒಂದೇ ಗುಂಡಿ, ಬೇಡ ಎನ್ನಲು ದಾರಿಯಿಲ್ಲ.

ಕ್ರೋಮ್‌ನಲ್ಲಿ `F12` ಒತ್ತಿ, `Application` ವಿಭಾಗದ `Cookies` ತೆರೆದೆವು. ಗುಂಡಿಯನ್ನು ಮುಟ್ಟುವ ಮೊದಲೇ ಪಟ್ಟಿಯಲ್ಲಿ `_ga` ಎಂಬ ಹೆಸರು ಇತ್ತು. ಅದು ಗೂಗಲ್ ಅನಲಿಟಿಕ್ಸ್‌ನ ಎಣಿಕೆಯ ಕುಕೀ. ಬಂದವರಿಗೊಂದು ಸಂಖ್ಯೆ ಕೊಟ್ಟು, ಅವರು ಮತ್ತೆ ಬಂದರೆ ಗುರುತಿಸುತ್ತದೆ. ಆಮೇಲೆ ಗುಂಡಿ ಒತ್ತಿದೆವು. ಸೇರಿದ್ದು ಇದೊಂದೇ:

```
cookieconsent_status = dismiss
```

ಮಕ್ಕಳೇ ಅರ್ಥ ಹೇಳಿದರು. ಬ್ಯಾನರ್ ಯಾವ ಕುಕೀಯನ್ನೂ ತಡೆದು ನಿಲ್ಲಿಸಿರಲಿಲ್ಲ. ‘ಇವರು ನನ್ನನ್ನು ಮುಚ್ಚಿದ್ದಾರೆ’ ಎಂದು ನೆನಪಿಡಲು ತನ್ನದೇ ಒಂದು ಕುಕೀಯನ್ನು ಸೇರಿಸಿತ್ತು, ಅಷ್ಟೆ. ಉತ್ತರ ಕೊಡುವ ಮೊದಲೇ ಎಣಿಕೆಯ ಕುಕೀ ಕಂಡರೆ ಆ ಬ್ಯಾನರ್ ತೋರಿಕೆಯದು. ಇದೇ ಪರೀಕ್ಷೆ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಹಿಂದಿನ ಸಂಜೆ ಈ ಪರೀಕ್ಷೆಯನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾಡಿದ್ದೆ. ಕ್ರೋಮ್ ಆ ಕಿಟಕಿಯಲ್ಲಿ ಬೇರೆ ತಾಣಗಳ ಕುಕೀಗಳನ್ನು ತಾನಾಗಿಯೇ ತಡೆಯುತ್ತದೆ. ಹಾಗಾಗಿ ವಿಡಿಯೊ ಪುಟ ಶುದ್ಧವಾಗಿ ಕಂಡಿತ್ತು. ಹೊಸ ಪ್ರೊಫೈಲ್‌ನ ಸಾಮಾನ್ಯ ಕಿಟಕಿಯಲ್ಲಿ ತೆರೆದಾಗ `https://www.youtube.com` ಎಂಬ ಹೆಸರಿನ ಕೆಳಗೂ ಕುಕೀಗಳು ಕಂಡವು. ವಿಡಿಯೊ ಓಡಿಸದಿದ್ದರೂ, ಪುಟದಲ್ಲಿ ಅದನ್ನು ಅಳವಡಿಸಿದ್ದರಿಂದಲೇ ಅವು ಬಂದಿದ್ದವು.

ಮುಖ್ಯೋಪಾಧ್ಯಾಯರನ್ನು ಕೇಳಿದೆ: “ಸರ್, ಬಂದವರ ಲೆಕ್ಕ ಯಾರಾದರೂ ನೋಡುತ್ತಾರಾ?” ಅವರು ನಕ್ಕು, “ಅದರ ಪಾಸ್‌ವರ್ಡೇ ನಮ್ಮ ಹತ್ತಿರ ಇಲ್ಲಮ್ಮ” ಎಂದರು. ಅವರ ಅನುಮತಿ ಪಡೆದು, ತಾಣ ನೋಡಿಕೊಳ್ಳುವವರಿಂದ ಎಣಿಕೆಯ ಕೋಡ್ ತೆಗೆಸಿದೆವು. ವಿಡಿಯೊ ಜಾಗದಲ್ಲಿ ಒಂದು ಫೋಟೊ ಇಟ್ಟು ಅದಕ್ಕೆ ಲಿಂಕ್ ಕೊಡಿಸಿದೆವು. ಕೊನೆಗೆ ಬ್ಯಾನರ್ ತೆಗೆಸಿದೆವು. ಹೊಸ ಪ್ರೊಫೈಲ್‌ನಲ್ಲಿ ಐದೂ ಪುಟ ತೆರೆದರೆ ಕುಕೀ ಪಟ್ಟಿ ಖಾಲಿ. ಪಕ್ಕದ `Local storage` ಕೂಡ ಖಾಲಿ. ಅದನ್ನೂ ನೋಡಲೇಬೇಕು, ಏಕೆಂದರೆ ನಿಯಮ ಕುಕೀ ಎಂಬ ಹೆಸರನ್ನಲ್ಲ, ಸಾಧನದಲ್ಲಿ ಇಡುವುದನ್ನು ಹಿಡಿಯುತ್ತದೆ.

ಮೌಲ್ಯಮಾಪನ

ಮೂರು ತಾಣಗಳನ್ನು ಹೇಳಿ, ಐರೋಪ್ಯ ನಿಯಮದಂತೆ ಒಪ್ಪಿಗೆ ಬೇಕೆ ಎಂದು ಕೇಳಿದೆ: ಲಾಗಿನ್ ಮಾತ್ರ ಇರುವ ಗ್ರಂಥಾಲಯ, ಜಾಹೀರಾತು ತೋರಿಸುವ ಸುದ್ದಿತಾಣ, ಬರಿಯ ವಿಳಾಸದ ಪುಟ. ಸುದ್ದಿತಾಣಕ್ಕೆ ಮಾತ್ರ ಎಂದು ಹೆಚ್ಚಿನವರು ಸರಿಯಾಗಿ ಬರೆದರು. ಕೆಲವರು ಗ್ರಂಥಾಲಯಕ್ಕೂ ಬೇಕು ಎಂದಿದ್ದರು. ಮೊದಲ ದಿನ ಹಲಗೆಯ ಮೇಲೆ ನಾನು ಬರೆದ ವಾಕ್ಯವೇ ಅವರ ನೋಟ್‌ಬುಕ್‌ನಲ್ಲಿತ್ತು. ಅದನ್ನು ಅವರ ಕೈಯಿಂದಲೇ ಹೊಡೆದು ಹಾಕಿಸಿ, ಕೆಳಗೆ ಹೀಗೆ ಬರೆಸಿದೆ: ‘ಕೇಳಿದ ಸೇವೆಗೆ ಅತ್ಯಗತ್ಯವಲ್ಲದ್ದನ್ನು ಇಡುವ ತಾಣ ಮೊದಲು ಒಪ್ಪಿಗೆ ಪಡೆಯಬೇಕು. ಏನನ್ನೂ ಇಡದ ತಾಣ ಕೇಳಬೇಕಾದದ್ದೇನೂ ಇಲ್ಲ.’